ಸೂಚ್ಯಂಕದ ಮುಂದೆ ಓಡಿದ ನಲ್ಲಿ ಕಂಪನಿ

ಅವನ ನಿಜವಾದ ಹೆಸರು ಸಂಬಳದ ಚೀಟಿ ತಯಾರಿಸುವವರಿಗೆ ಬಿಟ್ಟರೆ ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಗೆರೆಯಣ್ಣ. ಕಾಫಿ ತರುವವನಿಗೂ ಗೆರೆಯಣ್ಣ, ಗಿರಾಕಿಗಳಿಗೂ ಗೆರೆಯಣ್ಣ. ಮ್ಯಾನೇಜರ್ ಮಾತ್ರ ಅಣ್ಣ ಅನ್ನೋದನ್ನು ಬಿಟ್ಟು, 'ಏನ್ರೀ ಗೆರೆ' ಎಂದು ಕರೆಯುತ್ತಿದ್ದ.

ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಷೇರು ದಲ್ಲಾಳಿ ಕಂಪನಿಯೊಂದರ ಶಾಖೆ ಅದು. ಮೆಟ್ಟಿಲು ಹತ್ತುವಾಗ ರಬ್ಬರ್ ವಾಸನೆ ಮೂಗಿಗೆ ಅಡರುತ್ತಿತ್ತು. ಒಳಗೆ ಹೋದರೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಸದ್ದಡಗಿಸಿದ ಟಿವಿ, ಅದರ ಕೆಳಗೆ ಬಾಯಿ ಬಿಟ್ಟುಕೊಂಡು ಕೂತ ನಿವೃತ್ತರು. ಕಿಟಕಿಯ ಪಕ್ಕದ ಮೇಜಿನಲ್ಲಿ ಗೆರೆಯಣ್ಣ. ಅವನ ಎದುರು ಎರಡು ಸ್ಕ್ರೀನ್. ಎದುರಿನದು ಗಿರಾಕಿಗಳ ಕೊಳ್ಳುವ ಮಾರುವ ಕೆಲಸಕ್ಕೆ, ಅದು ಕಚೇರಿಯದು. ಪಕ್ಕದ್ದು ಗೆರೆಗೆ, ಅದು ಅವನದು. ಅಂದರೆ ಅದೂ ಕಚೇರಿಯದೇ, ಆದರೆ ಅದರ ಮೇಲೆ ಬೇರೆಯವರು ಕೈ ಇಟ್ಟರೆ ಅವನ ಮುಖ ಕಪ್ಪಿಡುತ್ತಿತ್ತು.

ಗೆರೆ ಅಂದರೆ ಏನು ಮಹಾ? ಒಂದು ಷೇರಿನ ಬೆಲೆಯನ್ನು ಅವತ್ತಿನ ಸೂಚ್ಯಂಕದಿಂದ, ಅಂದರೆ ಇಡೀ ಮಾರುಕಟ್ಟೆಯ ಏರಿಳಿತ ಹೇಳುವ ಅಂಕಿಯಿಂದ, ಭಾಗಿಸು, ಬಂದದ್ದಕ್ಕೆ ಒಂದು ಚುಕ್ಕೆ ಇಡು. ನಾಳೆ ಮತ್ತೆ ಭಾಗಿಸು, ಮತ್ತೊಂದು ಚುಕ್ಕೆ. ಚುಕ್ಕೆ ಸೇರಿಸಿದರೆ ಗೆರೆ. ಕೆಲಸವೆಲ್ಲ ಕಂಪ್ಯೂಟರ್ ಮಾಡುತ್ತದೆ. ಆದರೆ ಅದನ್ನು ಹೊಸ ಗಿರಾಕಿಗೆ ವಿವರಿಸುವಾಗ ಗೆರೆಯಣ್ಣನ ಗತ್ತು ನೋಡಬೇಕಿತ್ತು, ಆ ಭಾಗಾಕಾರವನ್ನು ತಾನೇ ಕಂಡುಹಿಡಿದ ಹಾಗೆ!

"ನಿಮ್ಮ ಷೇರು ನೂರರಿಂದ ನೂರಹತ್ತಕ್ಕೆ ಏರಿತು ಅಂತ ಕುಣೀತಿದ್ದೀರಿ. ಕುಣೀರಿ, ಬೇಡ ಅನ್ನಲ್ಲ. ಅದೇ ಹೊತ್ತಲ್ಲಿ ಸೂಚ್ಯಂಕ ಸಾವಿರದಿಂದ ಸಾವಿರದಿನ್ನೂರಕ್ಕೆ ಹೋಗಿದೆ. ಮೊದಲು ನೂರನ್ನ ಸಾವಿರದಿಂದ ಭಾಗಿಸಿ. ಆಮೇಲೆ ನೂರಹತ್ತನ್ನ ಸಾವಿರದಿನ್ನೂರರಿಂದ. ಯಾವುದು ದೊಡ್ಡದು?"

ಗಿರಾಕಿ ಬೆರಳು ಮಡಿಸುತ್ತಾ ಮೇಲೆ ನೋಡುತ್ತಿದ್ದ.

"ಮೊದಲನೇದು ಸ್ವಾಮೀ! ಷೇರು ಏರಿದೆ, ಗೆರೆ ಇಳಿದಿದೆ. ಊರೆಲ್ಲ ಓಡೋವಾಗ ನಿಮ್ಮದು ಏದುಸಿರು ಬಿಟ್ಕೊಂಡು ಹಿಂದೆ ಬರ್ತಿದೆ. ಅದು ಹಿಂದುಳಿದವನು. ಇನ್ನು ಮಾರುಕಟ್ಟೆ ಬೀಳೋವಾಗ ಯಾವುದು ಕಡಿಮೆ ಬೀಳತ್ತೋ, ಅದರ ಗೆರೆ ಮೇಲೆ ಹೋಗತ್ತೆ. ಅವನು ಮುಂದಾಳು. ಮುಂದಾಳನ್ನ ಹಿಡ್ಕೊಳ್ಳಿ, ಹಿಂದುಳಿದವನನ್ನ ಬಿಡಿ. ಇಷ್ಟೇ ವಿದ್ಯೆ."

ಆಮೇಲೂ ತಲೆಗೆ ಹೋಗದಿದ್ದವರಿಗೆ ಬಸ್ಸಿನ ಕತೆ. ಬಸ್ ನಿಲ್ದಾಣದಲ್ಲಿ ಕಿಟಕಿ ಪಕ್ಕ ಕೂತಿದ್ದೀರಿ, ಪಕ್ಕದಲ್ಲಿ ಇನ್ನೊಂದು ಬಸ್ಸು. ನಿಮ್ಮ ಬಸ್ಸು ಸೂಚ್ಯಂಕ, ಪಕ್ಕದ್ದು ಷೇರು. ಪಕ್ಕದ್ದು ಕಿಟಕಿ ದಾಟಿ ಮುಂದೆ ಸರಿದರೆ ಗೆರೆ ಮೇಲೆ, ಹಿಂದೆ ಸರಿದರೆ ಗೆರೆ ಕೆಳಗೆ. ಈ ಕತೆಯನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಪಕ್ಕದ ಮೇಜಿನಲ್ಲಿ ಗಿರಾಕಿಗಳ ಆರ್ಡರ್ ಹಾಕುವ ಡೀಲರ್ ಹುಡುಗಿ ಅವನು ಬಾಯಿ ತೆರೆಯುವ ಮೊದಲೇ 'ಬಸ್ ಬಂತು, ಹತ್ಕೊಳ್ಳಿ' ಎಂದು ನಗಾಡುತ್ತಿದ್ದಳು. ಅವನಿಗೆ ಕೋಪ ಬರುತ್ತಿರಲಿಲ್ಲ. ಅವಳು ಅವನನ್ನು ಅಣ್ಣ ಅನ್ನುತ್ತಿದ್ದಳು, ಇವನು ಅವಳನ್ನು ತಂಗಿ ಅನ್ನುತ್ತಿದ್ದ.

ವಾರಕ್ಕೊಮ್ಮೆ ಅವನು ಗೋಡೆಯ ಬಿಳಿ ಹಲಗೆಯ ಮೇಲೆ ಎರಡು ಸಾಲು ಬರೆಯುತ್ತಿದ್ದ. ಎಡಕ್ಕೆ ಮುಂದಾಳುಗಳು, ಬಲಕ್ಕೆ ಹಿಂದುಳಿದವರು. ಹಲಗೆಯ ಮುಂದೆ ನಿವೃತ್ತರು ಸೇರಿ ಫಲಿತಾಂಶ ನೋಡುವ ಮಕ್ಕಳಂತೆ ಕತ್ತು ಚಾಚುತ್ತಿದ್ದರು. ಆ ಹೊತ್ತಿನಲ್ಲಿ ಗೆರೆಯಣ್ಣ ನಿಜಕ್ಕೂ ಸುಖಿ.

ಇನ್ನು ಅವನ ಆ ಪಕ್ಕದ ಸ್ಕ್ರೀನಿನ ವಿಚಾರ. ಅದರ ಕೆಳಗಿನ ಅರ್ಧಕ್ಕೆ ಒಂದು ಕಂದು ಕಾಗದ ಅಂಟಿಸಿದ್ದ. ಅದು ಬೆಲೆ, ಎಷ್ಟು ಷೇರು ಕೈ ಬದಲಾಯಿತು ಅನ್ನುವ ವಹಿವಾಟಿನ ಕಡ್ಡಿಗಳು, ಕೊಳ್ಳುವವರ ಮಾರುವವರ ಸಾಲು ಎಲ್ಲ ಕಾಣಬೇಕಾದ ಜಾಗ. ಯಾಕಪ್ಪಾ ಮುಚ್ಚಿದೆ ಅಂದರೆ ಅದಕ್ಕೊಂದು ಹಳೇ ನೋವು. ವಯಸ್ಸಿನಲ್ಲಿದ್ದಾಗ ಒಂದು ದೊಡ್ಡ ಕುಸಿತದ ದಿನ ಕೆಂಪು ಅಂಕಿಗಳನ್ನು ನೋಡಿ ನೋಡಿ ಹೆದರಿ, ಗೆರೆ ಇನ್ನೂ ಏರುತ್ತಿದ್ದ ಒಳ್ಳೆಯ ಷೇರನ್ನು ಮಾರಿಬಿಟ್ಟಿದ್ದ. ಆಮೇಲೆ ಅದು ಹೋದ ಎತ್ತರ ನೆನೆಸಿಕೊಂಡರೆ ಈಗಲೂ ಅವನ ಹೊಟ್ಟೆ ಉರಿಯುತ್ತಿತ್ತು. ಹೆದರಿಸೋದು ಬೆಲೆ, ದಾರಿ ತೋರಿಸೋದು ಗೆರೆ. ಆದ್ದರಿಂದ ಬೆಲೆಗೆ ಮುಸುಕು. ಇದು ಅವನ ಪದ್ಧತಿ. ಗಿರಾಕಿಗಳ ಷೇರುಗಳ ಬೆಲೆ ಹೇಗೂ ಎದುರಿನ ಸ್ಕ್ರೀನಿನಲ್ಲಿ ಇರುತ್ತಿತ್ತು. ಕಾಗದದ ಕೆಳಗೆ ಇದ್ದದ್ದು ಅಕ್ಕನ ದುಡ್ಡು.

ಈಗ ಅಕ್ಕನ ಮಾತಿಗೆ ಬರಬೇಕು.

ಅಮ್ಮ ಹೋದಾಗ ಅವನಿನ್ನೂ ಚಡ್ಡಿ ಹಾಕುವ ವಯಸ್ಸು. ಅಕ್ಕನೇ ಹೊಲಿಗೆ ಯಂತ್ರ ತುಳಿದು ಓದಿಸಿದಳು, ಅವನ ಮದುವೆ ಮಾಡಿದಳು, ಅವನ ಹೆಂಡತಿ ಜ್ವರ ಬಂದು ತೀರಿಕೊಂಡಾಗ ಪಕ್ಕದಲ್ಲಿ ಕೂತಳು. ತಾನು ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, 'ಅಳತೆಗೆ ಸರಿಯಾದವನು ಸಿಗಲಿಲ್ಲ' ಎಂದು ನಕ್ಕುಬಿಡುತ್ತಿದ್ದಳು. ಅವಳ ಅಂಗಡಿ ಒಂದು ಕೋಣೆ ಅಷ್ಟೇ, ಬೀದಿಯ ಮೂಲೆಯಲ್ಲಿ. ಒಂದು ಕಿಟಕಿ, ಒಂದು ಬಾಗಿಲು, ಗೋಡೆಗೆ ಆನಿಸಿದ ತಗಡಿನ ಬೀರು, ಕತ್ತರಿಸುವ ಮೇಜು, ಬೆಳಕಿಗೆ ಮುಖ ಮಾಡಿದ ಯಂತ್ರ. ಕೋಣೆ ಬಾಡಿಗೆಯದು. ಆದರೆ ಕಿಟಕಿಯ ಕೆಳಗಿನ ನೆಲ ಅವಳ ಪಾದದ ಸವೆತಕ್ಕೆ ತಗ್ಗಾಗಿತ್ತು.

ಅವಳಿಗಿದ್ದದ್ದು ಒಂದೇ ಆಸೆ. ಆ ಕೋಣೆ ತನ್ನದಾಗಬೇಕು. ಬೇರೆ ಏನೂ ಬೇಡ.

"ನೋಡೋ ಪುಟ್ಟ, ಮಾಲೀಕರು ಇವತ್ತಲ್ಲ ನಾಳೆ ಮಾರೇ ಮಾರ್ತಾರೆ," ಎಂದಿದ್ದಳು. ಕೂದಲು ನೆರೆತ ಮೇಲೂ ಅವಳಿಗೆ ಅವನು ಪುಟ್ಟನೇ. "ಮೊದಲು ನನ್ನನ್ನೇ ಕೇಳ್ತೀವಿ ಅಂತ ಮಾತು ಕೊಟ್ಟಿದ್ದಾರೆ. ನನ್ನ ಹತ್ರ ಇರೋದು ಸಾಕಾಗಲ್ಲ. ಇದನ್ನ ನೀನು ಬೆಳೆಸಿ ಕೊಡು."

ಉಳಿತಾಯವೆಲ್ಲ ಅವನ ಕೈಗಿಟ್ಟಳು. ರಸೀದಿ ಕೇಳಲಿಲ್ಲ, ಪ್ರಶ್ನೆಯೂ ಕೇಳಲಿಲ್ಲ. ಅವನು, ಪ್ರಾಣ ಹೋದರೂ ಈ ದುಡ್ಡು ಹೋಗಬಾರದು ಎಂದುಕೊಂಡ. ಹಾಗಂದುಕೊಂಡೇ ಮಾಡಿದ್ದು ಎಲ್ಲವನ್ನೂ.

ಮೊದಲು ನಾಲ್ಕು ಬೇರೆ ಬೇರೆ ಷೇರು ಕೊಂಡ. ನಾಲ್ಕರದೂ ಗೆರೆ ಏರುತ್ತಿತ್ತು. ಆಮೇಲೆ ಅವನ ವಿದ್ಯೆ ಕೆಲಸ ಶುರುಮಾಡಿತು: ಯಾವುದರ ಗೆರೆ ಬಾಗಿತೋ ಅದನ್ನು ಮಾರು, ಬಂದ ದುಡ್ಡನ್ನು ಗೆರೆ ಏರುತ್ತಿರುವುದಕ್ಕೆ ಹಾಕು. ಬಟ್ಟೆಯಂಗಡಿಯದು ಬಾಗಿತು, ಮಾರಿದ. ಸಾಗಣೆ ಕಂಪನಿಯದು ಬಾಗಿತು, ಮಾರಿದ. ಔಷಧದ್ದೂ ಬಾಗಿತು. ಪ್ರತಿ ಸಲ ಅವನು ಮಾಡಿದ್ದು ಅವನ ಲೆಕ್ಕದಲ್ಲಿ ಸರಿಯೇ. ಕೊನೆಗೆ ಉಳಿದದ್ದು ಒಂದು. ನಲ್ಲಿ, ವಾಲ್ವ್, ಕೊಳವೆಯ ತಿರುಪು ಮಾಡುವ ಸಣ್ಣ ಕಂಪನಿ. ಕಚೇರಿಯಲ್ಲಿ ಅದಕ್ಕೆ ನಲ್ಲಿ ಕಂಪನಿ ಎಂದೇ ಹೆಸರಾಯಿತು. ಅಕ್ಕನ ಇಡೀ ಕೋಣೆ ಆ ನಲ್ಲಿಯೊಳಗೆ ಹೋಗಿ ಕೂತಿತು.

ಆಗ ಅದರ ಗೆರೆ ನಿಜವಾಗಿಯೂ ಚೆಂದವಿತ್ತು. ಸೂಚ್ಯಂಕ ಒಂದು ಹೆಜ್ಜೆ ಏರಿದರೆ ಇದು ಎರಡು ಏರುತ್ತಿತ್ತು. ಗೆರೆಯಣ್ಣ ಅದನ್ನು ಮುದ್ರಿಸಿಕೊಂಡು ಅಕ್ಕನಿಗೆ ತೋರಿಸಿದ. ಅವಳು ಕನ್ನಡಕ ಏರಿಸಿ ನೋಡಿ, "ಇದೇನೋ, ತೋಳಿಗೆ ಬಟ್ಟೆ ಕತ್ತರಿಸಿದ ಹಾಗಿದೆ," ಎಂದಳು. ಅವನು ಬಸ್ಸಿನ ಕತೆ ಹೇಳಿದ. ಅವಳು ಆಸಕ್ತಿಯಿಂದ ಕೇಳಿ, ಆ ಹಾಳೆಯನ್ನು ಬೀರುವಿನ ಬಾಗಿಲ ಒಳಮೈಗೆ ಗೋಂದು ಹಚ್ಚಿ ಅಂಟಿಸಿಬಿಟ್ಟಳು. ಅವತ್ತಿನಿಂದ ಫೋನ್ ಮಾಡಿದಾಗಲೆಲ್ಲ ಮೊದಲ ಮಾತು ಅದೇ.

"ಗೆರೆ ಮೇಲಿದೆಯೇನೋ?"

"ಮೇಲಿದೆ ಅಕ್ಕ."

"ಹಾಗಾದ್ರೆ ಊಟ ಮಾಡು."

ಮುಂದೆ ಮಾರುಕಟ್ಟೆ ಮಗುಚಿಕೊಂಡಿತು. ಒಮ್ಮೆಲೇ ಅಲ್ಲ, ಸೋರುವ ಬಕೆಟ್ಟಿನ ಹಾಗೆ ದಿನಾ ಒಂದಿಷ್ಟು. ಪ್ಲಾಸ್ಟಿಕ್ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಬಂದವರು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಮ್ಯಾನೇಜರ್ ಎಲ್ಲರ ಮೇಲೂ ಹರಿಹಾಯುತ್ತಿದ್ದ. ಆ ಗೋಳಿನ ನಡುವೆ ಗೆರೆಯಣ್ಣ ಒಬ್ಬನೇ ಕಂದು ಕಾಗದದ ಮೇಲೆ ಇಣುಕುವ ಗೆರೆಯನ್ನು ನೋಡಿ ಮೀಸೆಯಡಿ ನಗುತ್ತಿದ್ದ. ಸೂಚ್ಯಂಕ ಬೀಳುತ್ತಿತ್ತು, ನಲ್ಲಿ ಕಂಪನಿಯ ಗೆರೆ ಏರುತ್ತಿತ್ತು. ಬಿಳಿ ಹಲಗೆಯ ಎಡಸಾಲಿನ ತುದಿಯಲ್ಲಿ ಅದರದೇ ಹೆಸರು. ಹೋದ ವಾರವೂ ಅದೇ, ಈ ವಾರವೂ ಅದೇ.

ಒಂದು ಮಧ್ಯಾಹ್ನ ಪಕ್ಕದ ಮೇಜಿನ ತಂಗಿ ಫೋನಿನ ಬಾಯಿ ಮುಚ್ಚಿಕೊಂಡು ಬಗ್ಗಿದಳು.

"ಅಣ್ಣ, ನಮ್ಮ ದೊಡ್ಡ ಗಿರಾಕಿಯೊಬ್ರು ನಲ್ಲಿ ಕಂಪನಿ ಷೇರು ಒಟ್ಟಿಗೆ ಬೇಕು ಅಂತಿದ್ದಾರೆ. ಬೆಲೆ ಸ್ವಲ್ಪ ಇಳಿಸಿ ಕೇಳ್ತಿದ್ದಾರೆ. ನಿಮ್ಮಕ್ಕಂದು ಇದೆಯಲ್ಲ, ಕೊಡ್ತೀರಾ?"

ಅಕ್ಕ ಆ ವಾರವಷ್ಟೇ ಹೇಳಿದ್ದಳು: ಮಾಲೀಕರು ಕೋಣೆ ಮಾರುವ ಮಾತೆತ್ತಿದ್ದಾರೆ, ದಿನ ಇನ್ನೂ ಗೊತ್ತು ಮಾಡಿಲ್ಲ. ಆ ಬೆಲೆಗೆ ಕೊಟ್ಟಿದ್ದರೂ ಕೋಣೆಗೆ ಸಾಕಾಗುತ್ತಿತ್ತು. ಅದನ್ನು ಗೆರೆಯಣ್ಣ ಬಲ್ಲ. ಆದರೆ ಅವನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಇನ್ನೊಂದಿಷ್ಟು ಏರಲಿ, ಅಕ್ಕನಿಗೆ ಮೋಟಾರ್ ಇರುವ ಯಂತ್ರವೂ ಆಗಲಿ, ಆ ಮಂಡಿ ಎಷ್ಟು ಕಾಲ ತುಳಿದಾವು? ಆಸೆಯೇ, ಆದರೆ ತನಗಲ್ಲ. ತನಗಾಗಿ ಅವನು ಆಸೆಪಟ್ಟಿದ್ದನ್ನು ಯಾರೂ ನೋಡಿಲ್ಲ.

"ಏನ್ ತಂಗಿ, ಇಷ್ಟು ದಿನ ನನ್ನ ಪಕ್ಕ ಕೂತು ಕಲಿತಿದ್ದು ಇದೇನಾ? ಏರೋ ಗೆರೇನ ಯಾರಾದ್ರೂ ಮಾರ್ತಾರಾ?"

"ಅಲ್ಲಣ್ಣ, ಅದರಲ್ಲಿ ವಹಿವಾಟೇ ಕಾಣ್ತಿಲ್ಲ. ಒಂದು ಸಲ ಆ ಕಾಗದ ಎತ್ತಿ ನೋಡಿ."

"ಇರೋರು ಯಾರೂ ಬಿಡ್ತಿಲ್ಲ ಅಂತ ಅದರ ಅರ್ಥ. ಗಟ್ಟಿ ಕೈಲಿದೆ."

"ಏನೋಪ್ಪ, ನೀವುಂಟು ನಿಮ್ಮ ಗೆರೆಯುಂಟು," ಎಂದು ಅವಳು ಫೋನಿಗೆ ತಿರುಗಿದಳು. ಆ ಗಿರಾಕಿ ಇನ್ನೊಂದು ಕಂಪನಿಯದನ್ನು ಕೊಂಡು ಸುಮ್ಮನಾದರು.

ಅಯ್ಯೋ ಪುಣ್ಯಾತ್ಮ! ಒಂದು ತುಂಡು ಕಾಗದ ಎತ್ತುವುದಕ್ಕೆ ಏನು ಧಾಡಿಯಾಗಿತ್ತು? ಬೆಲೆ ಬಿದ್ದದ್ದನ್ನು ನೋಡಲು ಹೆದರುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇವನಿಗೆ ಗೊತ್ತಿರಲಿಲ್ಲ, ಅಲ್ಲಿ ಬೆಲೆ ಬಿದ್ದೇ ಇರಲಿಲ್ಲ.

ಮಾಲೀಕರು ದಿನ ಗೊತ್ತು ಮಾಡಿದರು. ತಿಂಗಳ ಕೊನೆಯೊಳಗೆ ದುಡ್ಡು ತಂದರೆ ಕೋಣೆ ಅಕ್ಕನದು. ಇಲ್ಲದಿದ್ದರೆ ಪಕ್ಕದ ಔಷಧಿ ಅಂಗಡಿಯವರು ಕಾದು ಕೂತಿದ್ದಾರೆ, ಗೋಡೆ ಒಡೆದು ಎರಡನ್ನೂ ಸೇರಿಸುತ್ತಾರೆ. ಅಕ್ಕನ ಧ್ವನಿಯಲ್ಲಿ ಹಿಂದೆಂದೂ ಇಲ್ಲದ ಉತ್ಸಾಹ. ಬಾಗಿಲಿಗೆ ಯಾವ ಬಣ್ಣ ಹೊಡೆಸಲಿ ಅಂತ ಕೇಳಿದಳು. ಅವನು ಹಸಿರು ಅಂದ.

"ನಾಳೆನೇ ಮಾರ್ತೀನಿ ಅಕ್ಕ. ಬರೋವಾಗ ಗೆರೆ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಹೊಸ ಹಾಳೆ ತರ್ತೀನಿ. ಹಳೇದರ ಪಕ್ಕ ಅಂಟಿಸು."

ಮರುದಿನ ಬೆಳಗ್ಗೆ ಬೇಗ ಬಂದು ಹಾಳೆ ಮುದ್ರಿಸಿದ. ಮೇಲರ್ಧದಲ್ಲಿ ಸೂಚ್ಯಂಕ, ಕೆಳಗಿನ ಅರ್ಧದಲ್ಲಿ ನಲ್ಲಿ ಕಂಪನಿಯ ಗೆರೆ, ಎರಡೂ ಒಂದೇ ಅನುಪಾತದ ಅಳತೆಯಲ್ಲಿ, ದುಪ್ಪಟ್ಟಾದರೂ ಅರ್ಧವಾದರೂ ಗೆರೆ ಸರಿಯುವ ದೂರ ಒಂದೇ. ಜೇಬಿಗೆ ಹಾಕಿಕೊಳ್ಳಲು ಹಾಳೆಯನ್ನು ಅಡ್ಡಕ್ಕೆ ನಡುವೆ ಮಡಿಚಿದ. ಮಡಿಕೆ ನೇರ ಕೂತಿದೆಯಾ ಎಂದು ಕಿಟಕಿಯ ಬೆಳಕಿಗೆ ಹಿಡಿದ.

ಬಲಗಡೆ ಎರಡು ಗೆರೆಗಳಲ್ಲಿ ಒಂದೇ ಕಾಣಿಸಿತು.

ಮಡಿಕೆ ಬಿಚ್ಚಿದ. ಎರಡಿವೆ. ಮತ್ತೆ ಮಡಿಚಿದ. ಬಲಭಾಗದಲ್ಲಿ, ಹೋದ ಕೆಲವು ವಾರಗಳುದ್ದಕ್ಕೂ, ಮೇಲಿನ ಗೆರೆಯ ಮೇಲೆ ಕೆಳಗಿನ ಗೆರೆ ಒಂದು ಕೂದಲೂ ಆಚೀಚೆ ಇಲ್ಲದೆ ಕೂತಿತ್ತು. ಸೂಚ್ಯಂಕ ಎಲ್ಲಿ ತಗ್ಗಿತೋ ಅಲ್ಲಿ ಗೆರೆ ಅಷ್ಟೇ ಉಬ್ಬಿತ್ತು. ಸೂಚ್ಯಂಕ ಒಂದು ದಿನ ಸ್ವಲ್ಪ ಚೇತರಿಸಿಕೊಂಡಿದ್ದರೆ ಗೆರೆ ಅಷ್ಟೇ ಕುಗ್ಗಿತ್ತು.

ಭಾಗಾಕಾರ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾಗಿಸಬೇಕಾದ ಬೆಲೆ ಅಲ್ಲಾಡದೆ ಭಾಗಿಸುವ ಸೂಚ್ಯಂಕ ಮಾತ್ರ ಸಣ್ಣದಾಗುತ್ತಾ ಹೋದರೆ ಉತ್ತರ ತಾನಾಗಿ ದೊಡ್ಡದಾಗುತ್ತದೆ. ಜೀವ ಇರುವ ಷೇರಿನ ಗೆರೆ ತನ್ನದೇ ಆದ ಒಂದಿಷ್ಟು ಓಲಾಟ ಓಲಾಡುತ್ತದೆ. ಇದು ಓಲಾಡಿಲ್ಲ. ಇದು ಸೂಚ್ಯಂಕವನ್ನೇ ತಲೆಕೆಳಗು ಮಾಡಿದ್ದು. ನಲ್ಲಿ ಕಂಪನಿ ಇದರೊಳಗೆ ಇಲ್ಲವೇ ಇಲ್ಲ.

ಕಂದು ಕಾಗದವನ್ನು ಕಿತ್ತ. ಅಂಟು ಒಣಗಿ ಸ್ಕ್ರೀನಿಗೆ ಹಿಡಿದುಕೊಂಡಿತ್ತು, ಉಗುರಿನಿಂದ ಕೆರೆದ. ಬೆಲೆ ಹಳೆಯ ಬೆಲೆಯಲ್ಲೇ ನಿಂತಿತ್ತು. ವಹಿವಾಟಿನ ಕಡ್ಡಿಗಳು ಮೊದಮೊದಲು ಎತ್ತರ, ಆಮೇಲೆ ಗಿಡ್ಡ, ಆಮೇಲೆ ಏನೂ ಇಲ್ಲ. ಕೊನೆಯ ಬಾರಿ ಯಾರೋ ಕೊಂಡ ಬೆಲೆಯನ್ನೇ ಕಂಪ್ಯೂಟರ್ ದಿನಾ ಎತ್ತಿಕೊಂಡು, ಇಳಿಯುತ್ತಿದ್ದ ಸೂಚ್ಯಂಕದಿಂದ ನಿಷ್ಠೆಯಾಗಿ ಭಾಗಿಸುತ್ತಾ ಬಂದಿತ್ತು. ಮಾರುವವರ ಸಾಲು ಕೆಳತನಕ ಇತ್ತು. ಷೇರುಪೇಟೆಯ ನಿಯಮ ಬೆಲೆಯನ್ನು ಒಂದು ದಿನದಲ್ಲಿ ಎಷ್ಟು ಇಳಿಯಲು ಬಿಡುತ್ತದೋ ಆ ಕೊನೆಯ ಬೆಲೆಗೇ ಎಲ್ಲರೂ ನಿಂತಿದ್ದರು, ಅದಕ್ಕಿಂತ ಕೆಳಗೆ ಕೇಳುವಂತಿರಲಿಲ್ಲ. ಕೊಳ್ಳುವವರ ಕಡೆ ಖಾಲಿ. ಕೊಳ್ಳುವವರಿಲ್ಲದೆ ವ್ಯಾಪಾರವಿಲ್ಲ, ವ್ಯಾಪಾರವಿಲ್ಲದೆ ಬೆಲೆ ಬದಲಾಗುವುದಿಲ್ಲ.

"ತಂಗೀ," ಎಂದ. ಸ್ಕ್ರೀನಿನತ್ತ ಬೆರಳು ತೋರಿಸಿದ.

ಅವಳು ಕುರ್ಚಿ ಎಳೆದುಕೊಂಡು ಬಂದು ನೋಡಿದಳು. ಕಂಪನಿಯ ಸುದ್ದಿ ಹುಡುಕಿದಳು. ಮೂಲೆಯಲ್ಲೊಂದು ಸಾಲು ಸಿಕ್ಕಿತು: ಕಂಪನಿಯ ಲೆಕ್ಕ ಪರಿಶೋಧಕರು ನಡುವಿನಲ್ಲೇ ಕೆಲಸ ಬಿಟ್ಟು ಹೋಗಿದ್ದಾರೆ. ಅವಳ ದೊಡ್ಡ ಗಿರಾಕಿ ಷೇರು ಕೇಳಿದ ಮೇಲಿನ ಸುದ್ದಿ ಅದು. ಲೆಕ್ಕದಲ್ಲಿ ಏನೋ ಹುಳುಕಿದೆ ಅಂತ ಎಲ್ಲರೂ ಮಾರಲು ಓಡಿದ್ದರು.

"ಆವತ್ತೇ ಕೊಟ್ಟಿದ್ರೆ..." ಎಂದು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. "ಮಾರಾಟಕ್ಕೆ ಹಾಕೋಣ ಅಣ್ಣ. ಸಾಲಲ್ಲಿ ನಿಲ್ಲೋಣ. ಯಾರಾದ್ರೂ ಬರಬಹುದು."

ಹಾಕಿದರು. ಅವರಿಗಿಂತ ಮೊದಲು ನಿಂತವರು ಅಷ್ಟೊಂದು ಜನ. ಯಾರೂ ಬರಲಿಲ್ಲ. ಸಂಜೆಗೆ ಆ ದಿನದ ಸಾಲು ರದ್ದಾಗುತ್ತದೆ, ಆದ್ದರಿಂದ ಮಾರನೆಯ ದಿನ ಮಾರುಕಟ್ಟೆ ತೆರೆಯುವ ಮೊದಲೇ ಬಂದು ಮತ್ತೆ ಹಾಕಿದ. ಗೊತ್ತಿದ್ದ ಬೇರೆ ದಲ್ಲಾಳಿಗಳಿಗೆಲ್ಲ ಫೋನ್ ಮಾಡಿ ಯಾರಿಗಾದರೂ ಬೇಕಾ ಎಂದು ಹಲ್ಲುಗಿಂಜಿದ. ಒಬ್ಬ ಹಳೇ ಸ್ನೇಹಿತ ನಕ್ಕುಬಿಟ್ಟ: "ಗೆರೆಯಣ್ಣ, ನೀನೇ ಕೇಳ್ತಿದ್ದೀಯಾ? ಅದು ನಿನ್ನ ಹಲಗೆಯ ಮೇಲೆ ಮೊದಲನೇದಲ್ವೇನೋ!" ಆ ದೊಡ್ಡ ಗಿರಾಕಿಗೂ ತಂಗಿ ಕೇಳಿ ನೋಡಿದಳು. ಅವರು ನಯವಾಗಿ ಬೇಡಮ್ಮ ಎಂದರು.

ಹಲಗೆ ಬರೆಯುವ ದಿನ ಬಂತು. ಲೆಕ್ಕದ ಪ್ರಕಾರ ಎಡಸಾಲಿನ ಮೊದಲ ಹೆಸರು ಮತ್ತೆ ನಲ್ಲಿ ಕಂಪನಿಯದೇ. ಗೆರೆಯಣ್ಣ ಪೆನ್ನು ಹಿಡಿದು ನಿಂತೇ ಇದ್ದ. ಕೊನೆಗೆ ಹಲಗೆ ಒರೆಸಿ, ಏನೂ ಬರೆಯದೆ ಬಂದು ಕೂತ.

ಮ್ಯಾನೇಜರ್ ಒಳಗಿನಿಂದ ಇಣುಕಿದ. "ಏನ್ರೀ ಗೆರೆ, ಹಲಗೆ ಬೋಳು ಬಿಟ್ಟಿದ್ದೀರಿ? ಆ ನಲ್ಲಿನಾದ್ರೂ ಬರೀರಿ. ಏರೋದು ಒಂದಾದ್ರೂ ಇದೆ ಅಂತ ಜನಕ್ಕೆ ಧೈರ್ಯ ಬರತ್ತೆ."

ಗೆರೆಯಣ್ಣ ಪೆನ್ನನ್ನು ಮೇಜಿನ ಮೇಲಿಟ್ಟ. ಮ್ಯಾನೇಜರ್ ಗೊಣಗಿಕೊಂಡು ತಾನೇ ಬಂದು ಬರೆದ. ಕುರ್ಚಿಯಲ್ಲಿದ್ದ ಒಬ್ಬ ಮುದುಕ ಅದನ್ನು ನೋಡಿ ತಲೆದೂಗಿದ. ಅದನ್ನು ಕೊಳ್ಳಬೇಡಿ ಎಂದು ಅವನ ಕಿವಿಯಲ್ಲಿ ಹೇಳಲು ಗೆರೆಯಣ್ಣ ಎದ್ದು ಹೋಗಬೇಕಾಯಿತು. ಒಂದು ಕ್ಷಣ ಅವನ ಕಾಲು ಏಳಲಿಲ್ಲ. ಯಾಕೆಂದರೆ ಆ ಮುದುಕ ಕೊಂಡರೆ, ಸಾಲು ಒಂದಿಷ್ಟಾದರೂ ಮುಂದೆ ಸರಿಯುತ್ತಿತ್ತು. ಛೇ ಎಂದು ತನ್ನನ್ನೇ ಬೈದುಕೊಂಡು ಹೋಗಿ ಹೇಳಿದ. ಮುದುಕ, 'ನೀನೇ ಹಿಡ್ಕೊಳ್ಳಿ ಅಂತಿದ್ದೆ, ಈಗ ಬೇಡ ಅಂತೀಯ' ಎಂದು ಮೂಗು ಮುರಿದ.

ಅಕ್ಕನಿಗೆ ಹೇಳದೆ ಇನ್ನು ಗತಿಯಿರಲಿಲ್ಲ. ಸಂಜೆ ಅಂಗಡಿಗೆ ಹೋದ. ಅವಳು ಗುಂಡಿಯ ಕಾಜು ಹೊಲಿಯುತ್ತಿದ್ದಳು. ಕಿಟಕಿಯ ಮೇಲೆ ಒಂದು ಸಣ್ಣ ಡಬ್ಬಿ ಹಸಿರು ಬಣ್ಣ. ತಂದಿಟ್ಟುಬಿಟ್ಟಿದ್ದಳು.

"ಗೆರೆ ಮೇಲಿದೆಯೇನೋ?" ಎಂದಳು ತಲೆಯೆತ್ತದೆ.

ಅವನು ಸ್ಟೂಲಿನ ಮೇಲೆ ಕೂತು, ಮಡಿಚಿದ ಹಾಳೆಯನ್ನು ತೆಗೆದು, ಬೆಳಕಿಗೆ ಹಿಡಿದು ತೋರಿಸಿ, ಎಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಕೇಳಿ ಬಂದವರಿಗೆ ಕೊಡದೆ ಹೋದದ್ದನ್ನೂ, ಕಾಗದ ಎತ್ತದೆ ಇದ್ದದ್ದನ್ನೂ. ಅವಳ ಸೂಜಿ ನಡುವೆ ನಿಂತಿತು.

"ಅಂದ್ರೆ ಅದು ಮುಂದೆ ಹೋಗ್ತಾ ಇರಲಿಲ್ಲ."

"ಇಲ್ಲ ಅಕ್ಕ. ನಿಂತಿತ್ತು."

"ನಮ್ಮ ಬಸ್ಸು ಹಿಂದೆ ಹೋಗ್ತಿತ್ತು," ಎಂದಳು ನಿಧಾನವಾಗಿ. "ನೀನೇ ಹೇಳಿದ್ಯಲ್ಲೋ ಪುಟ್ಟ ಆ ಕತೆನ. ಪಕ್ಕದ ಬಸ್ಸು ಸರಿದ್ರೆ ಅದು ಹೊರಟಿದ್ದಾ, ನಮ್ಮದು ಹಿಂದೆ ಬಂದಿದ್ದಾ ಅಂತ ಚಕ್ರ ನೋಡ್ಬೇಕು ಅಲ್ವೇನೋ? ಎಲ್ಲರೂ ನೋಡ್ತಾರಲ್ಲ?"

ಅವನು ಎಷ್ಟೋ ಜನಕ್ಕೆ ಎಷ್ಟೋ ಸಲ ಹೇಳಿದ ಕತೆ ಅದು. ಕಿಟಕಿಯಾಚೆ ಬಗ್ಗಿ ಚಕ್ರ ನೋಡುವ ಮಾತು ಅದರಲ್ಲಿ ಒಂದು ಸಲವೂ ಬಂದಿರಲಿಲ್ಲ. ಅವನಿಗೆ ಅಳು ಒತ್ತರಿಸಿ ಬಂತು. ತಡೆಯಲಿಲ್ಲ, ಅಕ್ಕನ ಎದುರು ಏನು ಮಾನ? ಮುಖ ಮುಚ್ಚಿಕೊಂಡು ಬಿಕ್ಕಿದ. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಕಾಜು ಮುಗಿಸಿ, ದಾರ ಹಲ್ಲಿನಿಂದ ಕಡಿದು, ಎದ್ದು ಬಣ್ಣದ ಡಬ್ಬಿಯನ್ನು ಕಿಟಕಿಯಿಂದ ತೆಗೆದು ಮೇಜಿನಡಿಗೆ ತಳ್ಳಿದಳು.

"ಮಾಲೀಕರ ಹತ್ರ ಇನ್ನೊಂದು ತಿಂಗಳು ಕೇಳ್ತೀನಿ," ಎಂದ ಅವನು.

"ಕೇಳಿದೆ ಕಣೋ ನಿನ್ನೆನೇ. ನೀನು ಫೋನ್ ಎತ್ತದೆ ಇದ್ದಾಗಲೇ ನನಗೆ ಅನುಮಾನ ಬಂತು. ಆಗಲ್ಲ ಅಂದ್ರು."

ತಿಂಗಳು ಮುಗಿಯಿತು. ಸಾಲಿನಲ್ಲಿ ಅವರ ಮುಂದೆ ನಿಂತಿದ್ದವರಲ್ಲಿ ಒಬ್ಬರದೂ ಮಾರಾಟವಾಗಲಿಲ್ಲ. ಔಷಧಿ ಅಂಗಡಿಯವರು ಮುಂಗಡ ಕೊಟ್ಟು ಹೋದರು. ಅಕ್ಕ ತಾನು ಮಲಗುವ ಮನೆಯ ಅಡುಗೆ ಕೋಣೆಯ ಬಾಗಿಲ ಪಕ್ಕದಲ್ಲಿ ಯಂತ್ರಕ್ಕೆ ಜಾಗ ಮಾಡಿಕೊಂಡಳು. ಅಲ್ಲಿ ಹಗಲಲ್ಲೂ ದೀಪ ಬೇಕು. ಗಿರಾಕಿಗಳು ಅಷ್ಟು ಒಳಗೆ ಅಳತೆ ಕೊಡಲು ಬರುವುದು ಕಷ್ಟ, ಅದು ಇಬ್ಬರಿಗೂ ಗೊತ್ತಿತ್ತು.

ಸಾಮಾನು ಸಾಗಿಸುವ ದಿನ ಗೆರೆಯಣ್ಣ ರಜೆ ಹಾಕಿದ. ಆದರೂ ಬೆಳಗ್ಗೆ ಕಚೇರಿಗೆ ಹೋಗಿ ಮಾರಾಟಕ್ಕೆ ಹಾಕಿಯೇ ಬಂದ. ಅದೊಂದು ಚಟದ ಹಾಗಾಗಿತ್ತು. ಕಾಗದ ಇಲ್ಲದ ಸ್ಕ್ರೀನ್ ಮೇಲೆ ಈಗ ಎಲ್ಲ ಕಾಣುತ್ತಿತ್ತು. ಹಿಂದಿನ ದಿನ ಸೂಚ್ಯಂಕ ಮತ್ತೂ ಒಂದು ಗುಂಡಿಗೆ ಬಿದ್ದಿತ್ತು.

ಕೈಗಾಡಿಯವರು ಕತ್ತರಿಸುವ ಮೇಜನ್ನು ಮೊದಲು ಹೊರಗೊಯ್ದರು. ಆಮೇಲೆ ಯಂತ್ರ. ಅದು ಇದ್ದ ಕಡೆ ನೆಲದ ತಗ್ಗು ಬರಿದಾಗಿ ಕಂಡಿತು. ಪಕ್ಕದ ಗೋಡೆಯ ಮೇಲೆ ಎಲ್ಲಿ ಒಡೆಯಬೇಕು ಅಂತ ಯಾರೋ ಆಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು. ಬೀರು ಎತ್ತುವಾಗ ಅದರ ಬಾಗಿಲು ತೆರೆದುಕೊಂಡು ಒಳಗೆ ಅಂಟಿಸಿದ್ದ ಹಾಳೆ ಕಾಣಿಸಿತು. ಆಗಿನ ಗೆರೆ, ನಿಜವಾಗಿ ಏರುತ್ತಿದ್ದಾಗಿನದು. ಮೂಲೆಗಳು ಹಳದಿಯಾಗಿದ್ದವು.

ಗೆರೆಯಣ್ಣ ಅದನ್ನು ಕೀಳಲು ಕೈ ಹಾಕಿದ.

"ಇರ್ಲಿ ಬಿಡೋ. ಕಿತ್ರೆ ಬಣ್ಣ ಎದ್ದು ಬರತ್ತೆ," ಎಂದಳು ಅಕ್ಕ. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಹಾಳೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ಎಷ್ಟೋ ದಿನದಿಂದ ಬಿಟ್ಟಿದ್ದ ಪ್ರಶ್ನೆಯನ್ನು ಕೇಳಿದಳು. ಕುಟುಕಲು ಅಲ್ಲ. ಬಾಯಿಗೆ ರೂಢಿಯಾಗಿತ್ತು, ಬಂದುಬಿಟ್ಟಿತು.

"ಗೆರೆ ಈಗಲೂ ಮೇಲಿದೆಯೇನೋ?"

ಅವನು ಅಕ್ಕನಿಗೆ ಎಂದೂ ಸುಳ್ಳು ಹೇಳಿದವನಲ್ಲ.

"ಇದೆ ಅಕ್ಕ. ನಿನ್ನೆ ಇದುವರೆಗಿನ ಎಲ್ಲಕ್ಕಿಂತ ಮೇಲೆ ಹೋಯ್ತು."

"ಹೂಂ," ಎಂದಳು. ಹಸಿರು ಬಣ್ಣದ ಡಬ್ಬಿಯನ್ನು ಕಾಲಲ್ಲಿ ಮೂಲೆಗೆ ಸರಿಸಿ, ಸ್ಟೂಲನ್ನು ಎತ್ತಿಕೊಂಡು ಕೈಗಾಡಿಯ ಹಿಂದೆ ಹೊರಟಳು. ಅವನು ಬೀರುವಿನ ಬಾಗಿಲು ಮುಚ್ಚಿ, ಅದರ ಒಂದು ತುದಿಗೆ ಭುಜ ಕೊಟ್ಟ.